ಒಂದೇ ಬ್ಯಾಂಕು, ಎರಡು ಲೆಕ್ಕ

2013ರ ಆಗಸ್ಟಿನಲ್ಲಿ ರೂಪಾಯಿ ದಿನದಿನಕ್ಕೂ ಕುಸಿಯುತ್ತಿತ್ತು. ನಾನಾಗ ದುಬೈನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೆ. 14ರಂದು ರಿಸರ್ವ್ ಬ್ಯಾಂಕು, ದೇಶದೊಳಗಿರುವವರು ವರ್ಷಕ್ಕೆ ಹೊರಗೆ ಕಳಿಸಬಹುದಾದ ಹಣದ ಮಿತಿಯನ್ನು 2 ಲಕ್ಷ ಡಾಲರಿನಿಂದ 75 ಸಾವಿರಕ್ಕೆ ಇಳಿಸಿತು. ಅದೇ ದಿನ, ಅನಿವಾಸಿಗಳು 3 ವರ್ಷ ಮತ್ತು ಮೇಲ್ಪಟ್ಟ ಅವಧಿಗೆ ಹೊಸದಾಗಿ ಇಡುವ ಎನ್‌ಆರ್‌ಇ ಠೇವಣಿಗೆ ಊರಿನವರಿಗಿಂತ ಹೆಚ್ಚು ಬಡ್ಡಿ ಕೊಡಲು ಬ್ಯಾಂಕುಗಳಿಗೆ ಬಿಟ್ಟಿತು.

ದಾವಣಗೆರೆಯಿಂದ ಅಪ್ಪ ಫೋನಿನಲ್ಲಿ ಕೇಳಿದರು: "ಅದೇ ಬ್ಯಾಂಕು, ಅದೇ ರೂಪಾಯಿ. ನಿಂಗ್ಯಾಕೆ ಬೇರೆ ಲೆಕ್ಕ?"

ಇಬ್ಬರಿಗೂ ಶೇ. 9 ಎಂದೇ ಇಟ್ಟುಕೊಂಡು ವಿವರಿಸಿದೆ. ಲಕ್ಷಕ್ಕೆ ಬರುವ 9,000ದಲ್ಲಿ ಶೇ. 20 ತೆರಿಗೆ ಹೋಗಿ ಅವರಿಗೆ ಸುಮಾರು 7,200 ಉಳಿಯುತ್ತದೆ. ನನ್ನ ಬಡ್ಡಿಗೆ ಅಲ್ಲಿ ತೆರಿಗೆಯೇ ಇಲ್ಲ. ಅವಧಿ ಮುಗಿದರೆ ನನ್ನ ಅಸಲು, ಬಡ್ಡಿ ಎರಡೂ ಮಿತಿಯಿಲ್ಲದೆ ಗಡಿ ದಾಟಬಹುದು. ಹಾಗಾಗಿ ಅದನ್ನು ಓಲೈಸಬೇಕು. ಡಾಲರಿಗೆ ಬದಲಾಯಿಸುವ ಹೊತ್ತಿಗೆ ರೂಪಾಯಿ ಇನ್ನೂ ಕುಸಿದಿದ್ದರೆ ನಷ್ಟ ಮಾತ್ರ ನನ್ನದೇ.

ಅಪ್ಪ 75 ಸಾವಿರ ಡಾಲರು ಕಂಡವರಲ್ಲ. ಆದರೂ ಆ ಮಿತಿ ಅವರನ್ನು ಮುಟ್ಟುತ್ತಿತ್ತು. ಊರಿನ ದೊಡ್ಡ ಹಣ ಹೊರಹೋಗಲು ದಾರಿ ಕಿರಿದಾದಷ್ಟೂ, ಅದನ್ನು ಉಳಿಸಿಕೊಳ್ಳಲು ಬ್ಯಾಂಕು ಬಡ್ಡಿ ಏರಿಸುವ ಒತ್ತಡ ಕಡಿಮೆ. ಸಣ್ಣ ಠೇವಣಿದಾರನಿಗೂ ಸಿಗುವುದು ಅದೇ ದರ.

2015ರಲ್ಲಿ ಮಿತಿ 2.5 ಲಕ್ಷ ಡಾಲರಿಗೆ ಏರಿತು. ಅಪ್ಪ ಅದೇ ಶಾಖೆಯಲ್ಲಿ ಠೇವಣಿ ನವೀಕರಿಸಿದರು.