ಅಲೊಪೀಶಿಯ: ಎಳೆದಷ್ಟೂ ಸರಿಯುವ ಅಂಚು

ಅಲೊಪೀಶಿಯ

ಕೂದಲುದುರುವಿಕೆ ಎಂಬರ್ಥದ ಈ ಪದದ ಬೇರು ಗ್ರೀಕಿನ ‘ಅಲೋಪೆಕ್ಸ್’, ಅಂದರೆ ನರಿ. ಕಜ್ಜಿ ಹತ್ತಿದ ನರಿಯ ಮೈ ಅಲ್ಲಲ್ಲಿ ಬೋಳಾಗುವುದನ್ನು ಕಂಡು ಇಟ್ಟ ಹೆಸರು. ಸಂಸ್ಕೃತದ ‘ಲೋಪಾಶ’ ಇದರ ದಾಯಾದಿ. ಕೂದಲುದುರುವಿಕೆಯ ಒಂದು ಬಗೆಯಾದ ‘ಟ್ರ್ಯಾಕ್ಷನ್ ಅಲೊಪೀಶಿಯ’ದ ಮೊದಲ ಪದಕ್ಕೆ ಎಳೆತವೆಂದರ್ಥ, ಟ್ರ್ಯಾಕ್ಟರಿಗೂ ಅದೇ ಲ್ಯಾಟಿನ್ ಮೂಲ. ಬಿಗಿ ಜುಟ್ಟು, ಜಡೆ, ಪೇಟ ದಿನವೂ ಎಳೆದರೆ ಹಣೆಯಂಚಿನ ಕೂದಲು ಹಿಂದೆ ಸರಿಯುತ್ತದೆ. 1907ರಲ್ಲಿ ಇದನ್ನು ವರ್ಣಿಸಿದ್ದು ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ.

ಇದನ್ನು ಬರೀ ‘ಬೊಕ್ಕತಲೆ’ ಎಂದು ಕೈಚೆಲ್ಲುವುದು ತಪ್ಪು. ಬೋಳುಪಟ್ಟಿಯ ಮುಂದೆ ನವಿರುಗೂದಲ ಸಾಲು ಉಳಿದಿರುವುದು ಎಳೆತದ ಗುರುತು. ಕೂದಲಿನ ರಂಧ್ರಗಳು ಇನ್ನೂ ಕಾಣುತ್ತಿದ್ದರೆ, ಕಟ್ಟು ಸಡಿಲಿಸಿದ ಕೆಲವು ತಿಂಗಳಲ್ಲಿ ಮತ್ತೆ ಬೆಳೆಯಬಹುದು. ಚರ್ಮ ನುಣುಪಾಗಿ ಹೊಳೆಯುತ್ತಿದ್ದರೆ ಬುಡ ಕಲೆಗಟ್ಟಿದೆ. ಅಲ್ಲಿ ಕೂದಲು ತಾನಾಗಿ ಬಾರದು.