ವೈಫೈನಲ್ಲಿ ಓಡುವ ಆ್ಯಪ್ ಮೊಬೈಲ್ ಡೇಟಾದಲ್ಲಿ ನಿಲ್ಲುವುದೇಕೆ? ಇನ್ನೊಂದು ಫೋನ್‌ನ ಹಾಟ್‌ಸ್ಪಾಟ್‌ನಿಂದಲೇ ಕಾರಣ ಪತ್ತೆ ಮಾಡಿ

ಮನೆಯಲ್ಲಿ ವೈಫೈಗೆ ಸೇರಿಸಿದಾಗ ಆ್ಯಪ್ ಚೆನ್ನಾಗಿಯೇ ನಡೆಯುತ್ತದೆ. ಬಾಗಿಲು ದಾಟಿ ಮೊಬೈಲ್ ಡೇಟಾಗೆ ಬಂದ ಕೂಡಲೇ ತಿರುಗುವ ಚಕ್ರ, ಇಲ್ಲವೇ 'ಇಂಟರ್ನೆಟ್ ಇಲ್ಲ' ಎಂಬ ಸಂದೇಶ. ಸಿಗ್ನಲ್ ಪೂರ್ತಿ ಇರುತ್ತದೆ, ಡೇಟಾ ಪ್ಯಾಕ್ ಕೂಡ ಮುಗಿದಿರುವುದಿಲ್ಲ. ಇಂಥ ಹೊತ್ತಲ್ಲಿ ಹೆಚ್ಚಿನವರು ಆ್ಯಪ್ ಅಳಿಸಿ ಮತ್ತೆ ಹಾಕುತ್ತಾರೆ, ಆಮೇಲೆ ಫೋನ್ ರೀಸೆಟ್ ಮಾಡುತ್ತಾರೆ. ಆದರೆ ವೈಫೈನಲ್ಲಿ ಕೆಲಸ ಮಾಡುತ್ತಿದೆ ಎಂದರೆ ಆ್ಯಪ್ ಕೆಟ್ಟಿಲ್ಲ ಎಂದೇ ಬಹುಪಾಲು ಅರ್ಥ. ಕೆಟ್ಟಿರುವುದು ಅದು ಹೋಗುವ ದಾರಿ, ಅಥವಾ ಆ ದಾರಿಗೆ ಫೋನ್‌ನಲ್ಲೇ ಹಾಕಿರುವ ಬೇಲಿ.

ಒಂದು ಉದಾಹರಣೆ ನೋಡೋಣ. ಬೀದರ್‌ನಿಂದ ಹೈದರಾಬಾದ್‌ಗೆ ಹೋಗಿ ಕ್ಯಾಬ್ ಓಡಿಸುತ್ತಿರುವ ಚಾಲಕರೊಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ಮಿಯಾಪುರದ ಬಾಡಿಗೆ ಕೋಣೆಯಲ್ಲಿ ಫೈಬರ್ ವೈಫೈ ಇದೆ. ಅಲ್ಲಿ ಚಾಲಕರ ಆ್ಯಪ್ ತೆರೆದರೆ ಬುಕ್ಕಿಂಗ್ ಟಣ್ ಎಂದು ಬರುತ್ತದೆ. ಗಾಡಿ ತೆಗೆದು ಗಚ್ಚಿಬೌಲಿ ಕಡೆ ಹೋದರೆ ಆ್ಯಪ್ ತೆರೆದಿದ್ದರೂ, ಮ್ಯಾಪ್ ಕಾಣುತ್ತಿದ್ದರೂ ಬುಕ್ಕಿಂಗ್ ಮಾತ್ರ ಇಲ್ಲ. ಪಕ್ಕದ ಗಾಡಿಗೆ ಬಾಡಿಗೆ ಸಿಗುತ್ತಿದೆ, ಇವರಿಗಿಲ್ಲ. ಡೀಸೆಲ್ ಖರ್ಚು, ಗಾಡಿಯ ಕಂತು ಯಾವುದೂ ನಿಲ್ಲುವುದಿಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ: ನಿಂತಿರುವುದು ಒಂದು ಆ್ಯಪೋ, ಎಲ್ಲವೋ? ಮೊಬೈಲ್ ಡೇಟಾದಲ್ಲಿ ಯಾವ ಆ್ಯಪೂ ನಡೆಯದಿದ್ದರೆ ಸಿಮ್‌ನ ಎಪಿಎನ್ ಸೆಟ್ಟಿಂಗ್, ಪ್ರೈವೇಟ್ ಡಿಎನ್ಎಸ್ ಅಥವಾ ವಿಪಿಎನ್ ನೋಡಬೇಕು. ಒಂದೇ ಆ್ಯಪ್ ನಿಂತಿದ್ದರೆ ಆ ಆ್ಯಪ್‌ನ ಡೇಟಾ ಅನುಮತಿ ಅಥವಾ ಅದರ ಸರ್ವರ್‌ಗೆ ಹೋಗುವ ದಾರಿಯ ಮೇಲೆ ಅನುಮಾನ. ನಮ್ಮ ಚಾಲಕರ ವಾಟ್ಸ್‌ಆ್ಯಪ್ ತೆರೆದರೆ ಸಂದೇಶ ಬರುತ್ತದೆ, ಯೂಟ್ಯೂಬ್ ಓಡುತ್ತದೆ. ಹಾಗಾಗಿ ಎಪಿಎನ್ ಸರಿ ಇದೆ.

ಹಾಟ್‌ಸ್ಪಾಟ್ ಪರೀಕ್ಷೆ

ಪರೀಕ್ಷೆಗೆ ಮುನ್ನ ಎರಡು ಕೆಲಸ ಮಾಡಿ. ಮೇಲಿನ ಪಟ್ಟಿಯಲ್ಲಿ ಕೀಲಿ ಚಿಹ್ನೆ ಇದ್ದರೆ ಯಾವುದೋ ವಿಪಿಎನ್ ನಡೆಯುತ್ತಿದೆ ಎಂದರ್ಥ, ಅದನ್ನು ನಿಲ್ಲಿಸಿ. ಜಾಹೀರಾತು ತಡೆಯುವ ಮತ್ತು ಫೈರ್‌ವಾಲ್ ಆ್ಯಪ್‌ಗಳು ಕೂಡ ಫೋನ್‌ನೊಳಗೇ ಒಂದು ವಿಪಿಎನ್ ತೆರೆದು ಕೆಲಸ ಮಾಡುವುದರಿಂದ, 'ನಾನು ವಿಪಿಎನ್ ಹಾಕಿಯೇ ಇಲ್ಲ' ಎನ್ನುವವರ ಫೋನ್‌ನಲ್ಲೂ ಆ ಕೀಲಿ ಇರುತ್ತದೆ. ಜತೆಗೆ ಸೆಟ್ಟಿಂಗ್ಸ್‌ನಲ್ಲಿ Private DNS ಹುಡುಕಿ Automatic ಮಾಡಿ. ಆ್ಯಪ್ ಇಷ್ಟಕ್ಕೇ ಸರಿಹೋದರೆ ಕಾರಣ ಅಲ್ಲೇ ಸಿಕ್ಕಿತು.

ಆಗಲಿಲ್ಲವೇ? ಗೆಳೆಯರ ಫೋನ್‌ನಲ್ಲಿ ಹಾಟ್‌ಸ್ಪಾಟ್ ಹಾಕಿಸಿ, ನಿಮ್ಮ ಫೋನನ್ನು ಅದಕ್ಕೆ ಸೇರಿಸಿ. ಆದರೆ ಆ ಫೋನ್‌ನಲ್ಲೂ ನಿಮ್ಮ ಕಂಪನಿಯದೇ ಸಿಮ್ ಇರಬೇಕು. ಜಿಯೋ ಇದ್ದವರು ಏರ್‌ಟೆಲ್ ಹಾಟ್‌ಸ್ಪಾಟ್‌ನಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ.

ಈಗ ನಿಮ್ಮ ಫೋನ್ ತಾನು ವೈಫೈನಲ್ಲಿದ್ದೇನೆ ಎಂದುಕೊಂಡಿದೆ. ಆದರೆ ಹೊರಗಿನ ದಾರಿ ನಿಮ್ಮ ಸಿಮ್ ಕಂಪನಿಯದೇ. ಆ್ಯಪ್ ಕೆಲಸ ಮಾಡಿದರೆ ಕಂಪನಿಯ ಜಾಲ ಸರಿಯಿದೆ, ತೊಂದರೆ ನಿಮ್ಮ ಫೋನ್‌ನಲ್ಲಿ ಮೊಬೈಲ್ ಡೇಟಾಗೆ ಮಾತ್ರ ಇರುವ ಯಾವುದೋ ಸೆಟ್ಟಿಂಗ್‌ನಲ್ಲಿದೆ. ಇಲ್ಲೂ ನಿಂತರೆ ತೊಂದರೆ ಕಂಪನಿಯ ಡಿಎನ್ಎಸ್‌ನಲ್ಲಿ, ದಾರಿಯಲ್ಲಿ ಅಥವಾ ಆ್ಯಪ್‌ನ ಸರ್ವರ್‌ನಲ್ಲಿದೆ. ಎರಡು ನಿಮಿಷದ ಈ ಪರೀಕ್ಷೆ ಅರ್ಧ ದಿನದ ಹುಡುಕಾಟ ಉಳಿಸುತ್ತದೆ. ಒಂದು ಎಚ್ಚರಿಕೆ: ಡೇಟಾ ಸೇವರ್ ಆನ್ ಇದ್ದರೆ ಆಂಡ್ರಾಯ್ಡ್ ಫೋನ್‌ಗಳು ಹಾಟ್‌ಸ್ಪಾಟನ್ನೂ ಹಣ ತೆರುವ ಡೇಟಾ ಎಂದೇ ಎಣಿಸಬಹುದು. ಹಾಗಾಗಿ ಅದನ್ನು ಮೊದಲೇ ಆಫ್ ಮಾಡಿರಿ.

ಚಾಲಕರ ಫೋನ್‌ನಲ್ಲಿ ಕೀಲಿ ಚಿಹ್ನೆ ಇಲ್ಲ, ಪ್ರೈವೇಟ್ ಡಿಎನ್ಎಸ್ Automatic ಇದೆ. ಹಾಟ್‌ಸ್ಪಾಟ್‌ನಲ್ಲಿ ಬುಕ್ಕಿಂಗ್ ಬಂತು. ಅಂದರೆ ಕಾರಣ ಫೋನ್‌ನೊಳಗಿದೆ. ಚಾಲಕರ ಆ್ಯಪ್‌ನ ಡೇಟಾ ಅನುಮತಿ ನೋಡಿದರೆ ಅದು ಆನ್ ಇದೆ. ಸಾಮಾನ್ಯವಾಗಿ ಹುಡುಕಾಟ ಇಲ್ಲಿಗೆ ನಿಲ್ಲುತ್ತದೆ, ತಪ್ಪುವುದೂ ಇಲ್ಲೇ.

ಆಂಡ್ರಾಯ್ಡ್‌ನಲ್ಲಿ ಬುಕ್ಕಿಂಗ್‌ನಂಥ ತಕ್ಷಣದ ಸೂಚನೆಗಳು ಬಹುತೇಕ ಆ್ಯಪ್‌ಗೆ ನೇರವಾಗಿ ಬರುವುದಿಲ್ಲ, ಗೂಗಲ್‌ನ ಸಂದೇಶ ಸೇವೆಯ ಮೂಲಕ Google Play services ಎಂಬ ವ್ಯವಸ್ಥೆಯ ಆ್ಯಪ್‌ಗೆ ಬಂದು ಅಲ್ಲಿಂದ ಹಂಚಿಕೆಯಾಗುತ್ತವೆ. ಡೇಟಾ ಉಳಿಸಲು ಹೊರಟವರು ಫೋನ್‌ನ ಡೇಟಾ ಬಳಕೆ ಪಟ್ಟಿಯಲ್ಲಿ ಹೆಚ್ಚು ತಿನ್ನುತ್ತಿರುವುದನ್ನು ಹುಡುಕುವಾಗ ಈ ಹೆಸರು ಮೇಲೆಯೇ ಕಾಣುತ್ತದೆ. 'ನಾನು ಬಳಸದ ಆ್ಯಪ್' ಎಂದು ಅದರ ಮೊಬೈಲ್ ಡೇಟಾ ತೆಗೆದುಬಿಡುತ್ತಾರೆ. ಹಲವು ಫೋನ್‌ಗಳಲ್ಲಿ ಈ ಪಟ್ಟಿ ವೈಫೈ ಮತ್ತು ಮೊಬೈಲ್ ಡೇಟಾಗೆ ಬೇರೆ ಬೇರೆ ಗುರುತು ಕೊಡುವುದರಿಂದ ವೈಫೈನಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಚಾಲಕರ ಫೋನ್‌ನಲ್ಲೂ ಆಗಿದ್ದು ಅದೇ. ವ್ಯವಸ್ಥೆಯ ಆ್ಯಪ್‌ಗಳ ಪಟ್ಟಿಗೆ ಹೋಗಿ ಅನುಮತಿ ಮರಳಿ ಕೊಟ್ಟು, ಡೇಟಾ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಬುಕ್ಕಿಂಗ್ ಬರತೊಡಗುತ್ತದೆ.

ಇದನ್ನು ಮುಂಚೆಯೇ ಗುರುತಿಸುವ ಒಂದು ಲಕ್ಷಣವಿದೆ. ಮೊಬೈಲ್ ಡೇಟಾದಲ್ಲಿದ್ದಾಗ ವಾಟ್ಸ್‌ಆ್ಯಪ್, ಜಿಮೇಲ್ ಸಂದೇಶಗಳು ತಾವಾಗಿ ಬರದೆ, ಆ್ಯಪ್ ತೆರೆದಾಗ ಮಾತ್ರ ಒಟ್ಟಿಗೆ ಬಂದು ಬೀಳುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಐಫೋನ್‌ನಲ್ಲಿ ಸೆಟ್ಟಿಂಗ್ಸ್‌ನ Mobile Data ಪುಟದಲ್ಲಿ ಕೆಳಗೆ ಹೋದರೆ ಪ್ರತಿ ಆ್ಯಪ್‌ಗೂ ಒಂದು ಸ್ವಿಚ್ ಇರುತ್ತದೆ, ಅಲ್ಲಿ ನೋಡಿದರೆ ಸಾಕು.

ಪ್ರೈವೇಟ್ ಡಿಎನ್ಎಸ್, ವಿಪಿಎನ್ ಎಡವಟ್ಟು

ಆ್ಯಪ್‌ಗೆ ಸರ್ವರ್‌ನ ಹೆಸರು ಗೊತ್ತಿರುತ್ತದೆ, ವಿಳಾಸದ ಅಂಕಿ ಗೊತ್ತಿರುವುದಿಲ್ಲ. ಆ ಅಂಕಿಯನ್ನು ಹುಡುಕಿಕೊಡುವುದು ಡಿಎನ್ಎಸ್. ವೈಫೈನಲ್ಲಿ ಯಾವ ಡಿಎನ್ಎಸ್ ಎಂಬುದನ್ನು ರೂಟರ್ ಹೇಳುತ್ತದೆ, ಮೊಬೈಲ್ ಡೇಟಾದಲ್ಲಿ ಸಿಮ್ ಕಂಪನಿ ಹೇಳುತ್ತದೆ. 2018ರ ಆಂಡ್ರಾಯ್ಡ್ 9ರಿಂದ ಬಂದ ಪ್ರೈವೇಟ್ ಡಿಎನ್ಎಸ್ ಇವೆರಡನ್ನೂ ಬದಿಗಿಟ್ಟು, ನೀವು ಬರೆದ ಹೆಸರಿನ ಸರ್ವರನ್ನೇ ಕೇಳುತ್ತದೆ. ಜಾಹೀರಾತು ಬಾರದಿರಲಿ ಎಂದು ಯಾವುದೋ ವಿಡಿಯೋ ನೋಡಿ ಹೆಸರು ಬರೆದು ಮರೆತವರು ಬಹಳ. ಈ ಪ್ರಶ್ನೋತ್ತರ 853ನೇ ಪೋರ್ಟ್‌ನಲ್ಲಿ ನಡೆಯುತ್ತದೆ. ಒಂದು ಜಾಲದಲ್ಲಿ ಆ ಪೋರ್ಟ್ ತೆರೆದಿದ್ದು ಇನ್ನೊಂದರಲ್ಲಿ ಮುಚ್ಚಿದ್ದರೆ ಮನೆಯಲ್ಲಿ ಎಲ್ಲವೂ ಸರಿ, ಹೊರಗೆ ಎಲ್ಲವೂ ಬಂದ್. ಹೆಸರು ಬರೆದಿಟ್ಟಾಗ ಆಂಡ್ರಾಯ್ಡ್ ಮತ್ತೊಂದು ಡಿಎನ್ಎಸ್‌ಗೆ ತಾನಾಗಿ ಮರಳುವುದಿಲ್ಲ, Automatic ಇದ್ದರೆ ಮರಳುತ್ತದೆ.

ವಿಪಿಎನ್‌ನದೂ ಇದೇ ಕಥೆ. Always-on VPN ಜತೆಗೆ Block connections without VPN ಆನ್ ಆಗಿದ್ದರೆ, ವಿಪಿಎನ್ ಸಂಪರ್ಕ ಸಿಗದ ಜಾಲದಲ್ಲಿ ಫೋನ್ ಪೂರ್ತಿ ಮೌನ. ಹೈಟೆಕ್ ಸಿಟಿಯ ಕಂಪನಿಗಳು ಕೊಟ್ಟ ಫೋನ್‌ಗಳಲ್ಲಿ ಇದನ್ನು ನೀವೇ ಬದಲಿಸಲು ಆಗದಿರಬಹುದು, ಐಟಿ ವಿಭಾಗವನ್ನೇ ಕೇಳಬೇಕು. ಕಚೇರಿಯ ಹಾಜರಾತಿ ಆ್ಯಪ್ ಕಚೇರಿ ವೈಫೈನಲ್ಲಷ್ಟೇ ನಡೆಯುತ್ತಿದ್ದರೆ ಅದು ದೋಷವೇ ಅಲ್ಲದಿರಬಹುದು. ಅದರ ಸರ್ವರ್‌ನ ಹೆಸರು ಕಚೇರಿಯ ಒಳಗಿನ ಡಿಎನ್ಎಸ್‌ಗೆ ಮಾತ್ರ ಗೊತ್ತಿರುತ್ತದೆ.

ಪ್ರಾಕ್ಸಿ ವಿಷಯದಲ್ಲಿ ಗೊಂದಲ ಬೇಡ. ವೈಫೈಗೆ ಹಾಕಿದ ಪ್ರಾಕ್ಸಿ ಆ ಒಂದು ವೈಫೈಗೆ ಮಾತ್ರ ಅನ್ವಯ, ಮೊಬೈಲ್ ಡೇಟಾದ ಪ್ರಾಕ್ಸಿ ಎಪಿಎನ್‌ನಲ್ಲಿರುತ್ತದೆ. ಎಪಿಎನ್ ಹೆಸರು ಜಿಯೋಗೆ `jionet`, ಏರ್‌ಟೆಲ್‌ಗೆ `airtelgprs.com`, ಬಿಎಸ್ಎನ್ಎಲ್‌ಗೆ `bsnlnet`. ಪ್ರಾಕ್ಸಿ, ಪೋರ್ಟ್ ಜಾಗಗಳು ಖಾಲಿ ಇರಬೇಕು. ಅಲ್ಲೇನಾದರೂ ತುಂಬಿದ್ದರೆ ಮೆನುವಿನಲ್ಲಿ Reset to default ಒತ್ತಿ.

ಹಾಟ್‌ಸ್ಪಾಟ್‌ನಲ್ಲೂ ನಿಂತರೆ

ಆಗ ಕೈಯಲ್ಲಿ ಲ್ಯಾಪ್‌ಟಾಪ್ ಇದ್ದು, ಆ್ಯಪ್ ಮಾತನಾಡುವ ಸರ್ವರ್‌ನ ಹೆಸರು ಗೊತ್ತಿದ್ದವರು, ಮುಖ್ಯವಾಗಿ ಆ್ಯಪ್ ಮಾಡಿದವರು, ಲ್ಯಾಪ್‌ಟಾಪನ್ನು ಅದೇ ಹಾಟ್‌ಸ್ಪಾಟ್‌ಗೆ ಸೇರಿಸಿ ಈ ನಾಲ್ಕು ಸಾಲು ಓಡಿಸಬಹುದು. `api.example.com` ಇರುವಲ್ಲಿ ನಿಮ್ಮ ಸರ್ವರ್‌ನ ಹೆಸರು ಹಾಕಿ.

```
nslookup api.example.com
nslookup api.example.com 1.1.1.1
curl -4 -I https://api.example.com
curl -6 -I https://api.example.com
```

ಮೊದಲ ಸಾಲು ಕಂಪನಿಯ ಡಿಎನ್ಎಸ್ ಕೇಳುತ್ತದೆ, ಎರಡನೆಯದು ಹೊರಗಿನದನ್ನು. ದೊಡ್ಡ ಸೇವೆಗಳಿಗೆ ಎರಡರಲ್ಲೂ ಬೇರೆ ಅಂಕಿ ಬರುವುದು ಸಹಜ. ಆದರೆ ಮೊದಲನೆಯದರಲ್ಲಿ ಉತ್ತರವೇ ಇಲ್ಲದಿದ್ದರೆ ಅಥವಾ `0.0.0.0` ಬಂದರೆ ಹೆಸರು ಅಲ್ಲೇ ತಡೆಯಲ್ಪಟ್ಟಿದೆ.

ಭಾರತದಲ್ಲಿ ಇದು ಅಪರೂಪವೇನಲ್ಲ. 2014ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆಯ ಆದೇಶದಂತೆ 32 ತಾಣಗಳಿಗೆ ತಡೆ ಬಿದ್ದಿತ್ತು. ಗಿಟ್‌ಹಬ್, ವಿಮಿಯೊ ಕೂಡ ಆ ಪಟ್ಟಿಯಲ್ಲಿದ್ದವು. ಇಂಥ ಆದೇಶವನ್ನು ಪ್ರತಿ ಕಂಪನಿಯೂ ತನ್ನದೇ ರೀತಿಯಲ್ಲಿ ಜಾರಿ ಮಾಡುತ್ತದೆ. ಕೆಲವರು ಡಿಎನ್ಎಸ್‌ನಲ್ಲೇ ತಡೆದರೆ, ಇನ್ನು ಕೆಲವರು ಸಂಪರ್ಕದ ಆರಂಭದಲ್ಲಿ ಕಾಣುವ ತಾಣದ ಹೆಸರು ನೋಡಿ ಕತ್ತರಿಸುತ್ತಾರೆ. ಎರಡನೇ ಬಗೆಯಲ್ಲಿ ಡಿಎನ್ಎಸ್ ಬದಲಿಸಿದರೂ ಪ್ರಯೋಜನವಿಲ್ಲ. ನಿಮ್ಮ ಆ್ಯಪ್ ತಡೆಗೊಳಗಾದ ತಾಣದಿಂದ ಒಂದು ಸಣ್ಣ ಫೈಲ್ ತರುತ್ತಿದ್ದರೂ ಸಾಕು, ಫೈಬರ್‌ನಲ್ಲಿ ನಡೆದು ಸಿಮ್‌ನಲ್ಲಿ ನಿಲ್ಲುತ್ತದೆ.

ಕೊನೆಯ ಎರಡು ಸಾಲು ಹಳೆಯ ಐಪಿವಿ4 ಮತ್ತು ಹೊಸ ಐಪಿವಿ6 ದಾರಿಗಳನ್ನು ಬೇರೆ ಬೇರೆಯಾಗಿ ನೋಡುತ್ತವೆ. ಮೊಬೈಲ್ ಜಾಲಗಳು, ಅದರಲ್ಲೂ ಜಿಯೋ, ಐಪಿವಿ6 ಹೆಚ್ಚು ಬಳಸುತ್ತವೆ. ಮನೆಯ ಹಲವು ಬ್ರಾಡ್‌ಬ್ಯಾಂಡ್‌ಗಳಲ್ಲಿ ಇಂದಿಗೂ ಐಪಿವಿ4 ಮಾತ್ರ. `-4` ಸಾಲಿಗೆ ಉತ್ತರ ಬಂದು `-6` ಸಾಲು ಸುಮ್ಮನೆ ಕಾಯುತ್ತಾ ಕುಳಿತರೆ, ಸರ್ವರ್‌ಗೆ ಐಪಿವಿ6 ವಿಳಾಸ ಕೊಟ್ಟವರು ಅದರ ಫೈರ್‌ವಾಲ್‌ನಲ್ಲಿ ಆ ಬಾಗಿಲು ತೆರೆಯಲು ಮರೆತಿರುವ ಸಾಧ್ಯತೆ ಹೆಚ್ಚು. ಬ್ರೌಸರ್‌ಗಳು ಕ್ಷಣದಲ್ಲಿ ಐಪಿವಿ4ಗೆ ಹಾರಿಬಿಡುವುದರಿಂದ ಅಲ್ಲಿ ತಪ್ಪು ಕಾಣುವುದಿಲ್ಲ. ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ಬಹುಬಳಕೆಯ ಓಕೆಎಚ್‌ಟಿಟಿಪಿಯ ಹಳೆಯ 4ನೇ ಸರಣಿ ಮಾತ್ರ ಒಂದೊಂದೇ ವಿಳಾಸಕ್ಕೆ 10 ಸೆಕೆಂಡ್ ಕಾದು ಮುಂದೆ ಹೋಗುತ್ತದೆ. ಬಳಕೆದಾರ ಅಷ್ಟರಲ್ಲಿ ಆ್ಯಪ್ ಮುಚ್ಚಿರುತ್ತಾನೆ. ಆ್ಯಪಲ್ 2016ರ ಜೂನ್ 1ರಿಂದಲೇ ಆ್ಯಪ್ ಸ್ಟೋರ್‌ಗೆ ಬರುವ ಆ್ಯಪ್‌ಗಳು ಐಪಿವಿ6 ಮಾತ್ರವಿರುವ ಜಾಲದಲ್ಲೂ ನಡೆಯಬೇಕೆಂದು ಕಡ್ಡಾಯ ಮಾಡಿದೆ.

ಲ್ಯಾಪ್‌ಟಾಪ್ ಇಲ್ಲದವರು ನಂಬಿಕಸ್ಥ ವಿಪಿಎನ್ ಒಂದನ್ನು ಆನ್ ಮಾಡಿ ನೋಡಬಹುದು. ಆನ್ ಮಾಡಿದರೆ ನಡೆದು, ಆಫ್ ಮಾಡಿದರೆ ನಿಂತರೆ ಫೋನ್ ಸರಿಯಿದೆ ಎಂಬುದು ಖಚಿತ. ಆದರೆ ಇದು ಪರೀಕ್ಷೆಗೆ ಮಾತ್ರ. ಹಲವು ಬ್ಯಾಂಕ್ ಆ್ಯಪ್‌ಗಳು ವಿಪಿಎನ್ ಕಂಡರೆ ತೆರೆಯುವುದೇ ಇಲ್ಲ, ಉಚಿತ ವಿಪಿಎನ್ ಮೂಲಕ ಹಣದ ವ್ಯವಹಾರ ಮಾಡುವುದು ಸರಿಯೂ ಅಲ್ಲ.

ತೊಂದರೆ ಕಂಪನಿಯ ಕಡೆಯದು ಎನಿಸಿದರೆ 198ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. 'ನೆಟ್ ಬರ್ತಿಲ್ಲ' ಎಂದರೆ ಫೋನ್ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. 'ಬೇರೆ ಆ್ಯಪ್ ನಡೆಯುತ್ತವೆ, ಇದೊಂದು ನಡೆಯುವುದಿಲ್ಲ. ನಿಮ್ಮದೇ ಇನ್ನೊಂದು ಸಿಮ್‌ನ ಹಾಟ್‌ಸ್ಪಾಟ್‌ನಲ್ಲೂ ಇಲ್ಲ, ಬೇರೆ ಕಂಪನಿಯ ಸಿಮ್‌ನಲ್ಲಿ ನಡೆಯುತ್ತದೆ' ಎಂದು ಸ್ಥಳ, ಸಮಯ ಸಮೇತ ಹೇಳಿ. ಇದೇ ವಿವರವನ್ನು ಆ್ಯಪ್‌ನ ಸಹಾಯ ಕೇಂದ್ರಕ್ಕೂ ಕಳಿಸಿ, ಏಕೆಂದರೆ ಐಪಿವಿ6 ತಪ್ಪನ್ನು ಸರಿಪಡಿಸಬೇಕಾದವರು ಅವರೇ. ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡುವ ಯೋಚನೆ ಇದ್ದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು, ಬ್ಲೂಟೂತ್ ಜೋಡಣೆಗಳೆಲ್ಲ ಅದರಲ್ಲಿ ಅಳಿಸಿಹೋಗುತ್ತವೆ.