ಶೈಲಿಪಟ್ಟಿ

ಒಂದು ಪತ್ರಿಕೆ ಅಥವಾ ಕಚೇರಿಯ ಹಳೆಯ ಬರಹಗಳಲ್ಲಿರುವ ರೂಢಿಯನ್ನು ಎಣಿಸಿ, ಕಾಗುಣಿತ ಮತ್ತು ಅಂಕಿಗಳ ಬಗ್ಗೆ ಮಾಡಿಕೊಂಡ ಒಂದು ಪುಟದ ತೀರ್ಮಾನ.

ಉದಾಹರಣೆಗೆ ಊರುಗಳ ಹೆಸರನ್ನೇ ನೋಡಿ. ಹಾವೇರಿ ಎಂಬ ಹೆಸರಿಗೆ ತಕರಾರಿಲ್ಲ. ಜಗಳವೆಲ್ಲ ರಾಣೆಬೆನ್ನೂರು, ರಾಣೇಬೆನ್ನೂರು, ರಾಣಿಬೆನ್ನೂರುಗಳದ್ದು. ಹಳೆಯ ಸಂಚಿಕೆಗಳ ಕಡತದಲ್ಲಿ ಪ್ರತಿಯೊಂದು ರೂಪವನ್ನೂ ಹುಡುಕಿ ಎಣಿಸಬೇಕು. ‘ರಾಣೆಬೆನ್ನೂರು’ ಎಂದು ಪೂರ್ತಿ ಬರೆದು ಹುಡುಕಿದರೆ ‘ರಾಣೆಬೆನ್ನೂರಿನ’, ‘ರಾಣೆಬೆನ್ನೂರಲ್ಲಿ’ ತಪ್ಪಿಹೋಗುತ್ತವೆ. ‘ರಾಣೆಬೆನ್ನೂ’ವರೆಗೆ ಹುಡುಕಿದರೆ ಸಾಕು. ಯುನಿಕೋಡ್‌ಗಿಂತ ಹಿಂದಿನ ಫಾಂಟ್‌ಗಳಲ್ಲಿ ಟೈಪಾದ ಕಡತಗಳನ್ನು ಮೊದಲು ಪರಿವರ್ತಿಸದಿದ್ದರೆ ಅವು ಎಣಿಕೆಗೇ ಸಿಗುವುದಿಲ್ಲ, ಲೆಕ್ಕ ಹೊಸ ಬರಹಗಳ ಕಡೆಗೆ ವಾಲುತ್ತದೆ.

ಹೆಚ್ಚು ಬಳಕೆಯಾದ ರೂಪ ಗೆಲ್ಲುತ್ತದೆ. ಆದರೆ ನೋಂದಾಯಿತ ಹೆಸರನ್ನು ತಿದ್ದುವಂತಿಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಇಂಗ್ಲಿಷ್ ಹೆಸರಿನಲ್ಲಿ ‘ಡಿ’ಗೂ ‘ಜಿ’ಗೂ ನಡುವೆ ‘ಎ’ ಇದೆ. ಊರಿನ ಹೆಸರನ್ನು ಅದಿಲ್ಲದೆಯೂ ಬರೆಯುತ್ತಾರೆ. ಎರಡನ್ನೂ ಪ್ರತ್ಯೇಕವಾಗಿ ನಮೂದಿಸುವುದೇ ಜಾಣತನ.

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರವಿಲ್ಲ. ಅದರ ಬದಲು ಇಲ್ಲಿ ಏಳುವ ಪ್ರಶ್ನೆ ‘ಎಪಿಎಂಸಿ’ಯೋ ‘ಎ.ಪಿ.ಎಂ.ಸಿ.’ಯೋ ಎಂಬುದು. ದೊಡ್ಡಕ್ಷರದ ನಿಯಮ ಬೇಕಾಗುವುದು ಇಂಗ್ಲಿಷ್ ಪುಟಕ್ಕೆ ಮಾತ್ರ.

ಅಂಕಿಗಳಲ್ಲಿ ಸಂದರ್ಭವೇ ಮುಖ್ಯ. ಮಾರುಕಟ್ಟೆ ಧಾರಣೆಯ ಕೋಷ್ಟಕದಲ್ಲಿ ‘25,000’, ಸುದ್ದಿಯ ವಾಕ್ಯಗಳಲ್ಲಿ ‘25 ಸಾವಿರ ರೂಪಾಯಿ’. ‘1,00,000’ಕ್ಕೆ ‘1 ಲಕ್ಷ’. ಆವಕದ ಚೀಲಗಳ ಸಂಖ್ಯೆಯನ್ನು ಮಾತ್ರ ದುಂಡಾಗಿಸಬಾರದು, ವ್ಯಾಪಾರಿಗಳು ಓದುವುದೇ ಆ ಕೊನೆಯ ಅಂಕಿಗಳನ್ನು.

ಪ್ರತಿ ತೀರ್ಮಾನದ ಪಕ್ಕ ಕಾರಣ, ತಾರೀಖು ಇರಬೇಕು. ಎಣಿಕೆ ಸರಿಸಮ ಬಂದಾಗ ಸಂಪಾದಕರ ಮಾತೇ ಕೊನೆ.